ಸೂಪರ್‌ವೈಸರ್ ಪಾಸ್‌ವರ್ಡ್ ಮರೆತ ಥಿಂಕ್‌ಪ್ಯಾಡ್: ಒಂದು ದುರಸ್ತಿಯ ದಾಖಲೆ

ಮಂಡ್ಯದ ಒಂದು ತೆರಿಗೆ ಸಲಹಾ ಕಚೇರಿಯಿಂದ ಮೈಸೂರಿನ ನನ್ನ ದುರಸ್ತಿ ಅಂಗಡಿಗೆ ಲೆನೊವೊ ಥಿಂಕ್‌ಪ್ಯಾಡ್ ಟಿ480 ಮಾದರಿಯ ಲ್ಯಾಪ್‌ಟಾಪ್ ಒಂದು ಬಂದಿತು. ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಗುಂಡಿ ಒತ್ತಿದರೆ ವಿಂಡೋಸ್ ತೆರೆದುಕೊಳ್ಳುತ್ತಿತ್ತು, ಕಚೇರಿಯ ಜಿಎಸ್‌ಟಿ ಕಡತಗಳೆಲ್ಲ ಕೈಗೆ ಸಿಗುತ್ತಿದ್ದವು. ಆದರೆ ಹೊಸದಾಗಿ ವಿಂಡೋಸ್ ಹಾಕಲೆಂದು ಪೆನ್‌ಡ್ರೈವ್ ಚುಚ್ಚಿ F12 ಒತ್ತಿದಾಗ ಯಂತ್ರವು ಪಾಸ್‌ವರ್ಡ್ ಕೇಳಿತು. F1 ಒತ್ತಿ, ಯಂತ್ರದ ಮೂಲ ಆಯ್ಕೆಗಳಿರುವ ಬಯಾಸ್ ಸೆಟಪ್‌ಗೆ ಹೋಗಲು ಯತ್ನಿಸಿದಾಗಲೂ ಅದೇ ಪಾಸ್‌ವರ್ಡ್ ಬೇಕಾಯಿತು. ಅದನ್ನು ಹಾಕಿದ್ದ ನೌಕರರು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಮಾಲೀಕರು ಅವರಿಗೆ ಫೋನ್ ಮಾಡಿದಾಗ ಪಾಸ್‌ವರ್ಡ್ ಹಾಕಿದ್ದು ನೆನಪಿದೆ, ಯಾವುದೆಂದು ನೆನಪಿಲ್ಲ ಎಂದರು. ಅವರು ಊಹಿಸಿ ಹೇಳಿದ ಪದಗಳಲ್ಲಿ ಒಂದೂ ಹೊಂದಲಿಲ್ಲ.

ಇಂಥ ಯಂತ್ರ ಮೇಜಿನ ಮೇಲೆ ಬಂದಾಗ ನಾನು ಮೊದಲು ಕೇಳುವುದು ಖರೀದಿಯ ಬಿಲ್ಲನ್ನು. ಮಾಲೀಕರಿಗೆ ಇದರಿಂದ ಸ್ವಲ್ಪ ಬೇಸರವಾಯಿತು.

"ನನ್ನ ಯಂತ್ರಕ್ಕೆ ನಾನೇ ಸಾಕ್ಷಿ ಕೊಡಬೇಕೇನ್ರೀ?" ಎಂದರು.

"ಕೊಡಬೇಕು ಸಾರ್. ಕದ್ದು ತಂದ ಲ್ಯಾಪ್‌ಟಾಪೂ ನನ್ನ ಮೇಜಿನ ಮೇಲೆ ಹೀಗೇ ಇರುತ್ತದೆ. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಮುಂದೆ ಕಂಪನಿಯ ಸರ್ವಿಸ್ ಸೆಂಟರಿನವರೂ ಇದನ್ನೇ ಕೇಳುತ್ತಾರೆ" ಎಂದೆ.

ಕಚೇರಿಯ ಹೆಸರಿನಲ್ಲೇ ಖರೀದಿಯಾಗಿದ್ದರಿಂದ ಜಿಎಸ್‌ಟಿ ಬಿಲ್ ಲೆಕ್ಕದ ಕಡತದಲ್ಲಿ ಭದ್ರವಾಗಿತ್ತು, ಅದರಲ್ಲಿ ಯಂತ್ರದ ಸೀರಿಯಲ್ ಸಂಖ್ಯೆಯೂ ಇತ್ತು. ಆ ಸಂಖ್ಯೆಯನ್ನು ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ ಚೀಟಿಯೊಂದಿಗೆ ಹೋಲಿಸಿದೆ. ಚೀಟಿಯನ್ನು ಯಾರಾದರೂ ಬದಲಿಸಿರಬಹುದಾದ್ದರಿಂದ, ಬೋರ್ಡಿನೊಳಗೆ ಬರೆದಿರುವ ಸಂಖ್ಯೆಯನ್ನೂ ವಿಂಡೋಸ್ ಮೂಲಕ ಓದಿ ನೋಡಿದೆ.

```
Get-CimInstance Win32_BIOS | Select-Object SerialNumber
```

ಮೂರೂ ಒಂದೇ ಆಗಿದ್ದವು. ಬಿಲ್ಲಿನ ಪ್ರತಿಯನ್ನೂ ಕೆಲಸಕ್ಕೆ ಒಪ್ಪಿಗೆ ನೀಡುವ ಪತ್ರವನ್ನೂ ಪಡೆದ ಮೇಲೆಯೇ ಕೆಲಸ ಆರಂಭಿಸಿದೆ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಈ ಕಾಗದಗಳು ದುರಸ್ತಿ ಮಾಡುವವನ ರಕ್ಷಣೆಗೂ ಬೇಕು.

ಮುಂದಿನ ಪ್ರಶ್ನೆ, ಯಾವ ಪಾಸ್‌ವರ್ಡ್ ಹಾಕಲಾಗಿದೆ ಎಂಬುದು. ಥಿಂಕ್‌ಪ್ಯಾಡ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಪಾಸ್‌ವರ್ಡ್‌ಗಳಿವೆ, ಜನ ಅವುಗಳನ್ನು ಒಟ್ಟಾಗಿ "ಬಯಾಸ್ ಪಾಸ್‌ವರ್ಡ್" ಎನ್ನುತ್ತಾರೆ. ಪವರ್ ಆನ್ ಪಾಸ್‌ವರ್ಡ್ ಯಂತ್ರ ಆರಂಭವಾಗುವುದಕ್ಕೇ ಅಡ್ಡ ನಿಲ್ಲುತ್ತದೆ. ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಡಿಸ್ಕಿನೊಳಗೇ ಇರುತ್ತದೆ. ಡಿಸ್ಕನ್ನು ಬೇರೆ ಯಂತ್ರಕ್ಕೆ ಸಾಗಿಸಿದರೂ ಅದು ಜೊತೆಗೇ ಹೋಗುತ್ತದೆ. ಸೂಪರ್‌ವೈಸರ್ ಪಾಸ್‌ವರ್ಡ್ ಸೆಟಪ್‌ನ ಆಯ್ಕೆಗಳನ್ನು ಕಾಯುತ್ತದೆ. ಅದೊಂದೇ ಇದ್ದರೆ ಯಂತ್ರ ಏನನ್ನೂ ಕೇಳದೆ ವಿಂಡೋಸ್ ತೆರೆಯುತ್ತದೆ, ಹೀಗಾಗಿ ಅಂಥದೊಂದು ಬೀಗ ಇದೆಯೆಂಬುದು ವರ್ಷಗಟ್ಟಲೆ ಯಾರ ಗಮನಕ್ಕೂ ಬರದೇ ಇರಬಹುದು. ಈ ಮೂರರ ಪೈಕಿ ಯಾವುದು ಇದೆಯೆಂದು ತಿಳಿಯಲು ಊಹೆ ಬೇಕಾಗಿಲ್ಲ. ವಿಂಡೋಸ್ ತೆರೆಯುತ್ತಿದ್ದರೆ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಯಂತ್ರವನ್ನೇ ಕೇಳಬಹುದು.

```
Get-CimInstance -Namespace root\wmi -ClassName Lenovo_BiosPasswordSettings | Select-Object PasswordState
```

ಈ ಆದೇಶ ಓದುತ್ತದೆಯೇ ಹೊರತು ಏನನ್ನೂ ಬದಲಿಸುವುದಿಲ್ಲ. ಉತ್ತರ 0 ಎಂದು ಬಂದರೆ ಯಾವ ಪಾಸ್‌ವರ್ಡೂ ಇಲ್ಲ. 1 ಎಂದರೆ ಪವರ್ ಆನ್ ಮಾತ್ರ, 2 ಎಂದರೆ ಸೂಪರ್‌ವೈಸರ್ ಮಾತ್ರ, 3 ಎಂದರೆ ಎರಡೂ ಇವೆ. ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಇದ್ದರೆ ಈ ಸಂಖ್ಯೆಗಳಿಗೆ 4 ಸೇರುತ್ತದೆ. ನಮ್ಮ ಯಂತ್ರದ ಉತ್ತರ 2. ಡಿಸ್ಕಿನ ಮೇಲೆ ಬೀಗವಿಲ್ಲ ಎಂಬುದು ಇದರಿಂದ ಖಚಿತವಾಯಿತು. ಅದು ನಿಜಕ್ಕೂ ದೊಡ್ಡ ಸಮಾಧಾನದ ಸಂಗತಿ, ಏಕೆಂದರೆ ಡಿಸ್ಕಿನ ಯೂಸರ್ ಮತ್ತು ಮಾಸ್ಟರ್ ಪಾಸ್‌ವರ್ಡ್ ಎರಡೂ ಮರೆತುಹೋದರೆ ಲೆನೊವೊ ಅವನ್ನು ತೆಗೆಯುವುದೂ ಇಲ್ಲ, ಒಳಗಿನ ಕಡತಗಳನ್ನು ಹೊರತೆಗೆದು ಕೊಡುವುದೂ ಇಲ್ಲ. ಹೊಸ ಡಿಸ್ಕ್ ಹಾಕಿಕೊಳ್ಳುವುದಷ್ಟೇ ಆಗ ಉಳಿಯುವ ದಾರಿ.

ಇಲ್ಲಿ ಎಲ್ಲರೂ ಹೇಳುವ ಒಂದು ಉಪಾಯದ ಬಗ್ಗೆ ವಿವರವಾಗಿ ಬರೆಯಬೇಕಾಗಿದೆ. "ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ, ಪಾಸ್‌ವರ್ಡ್ ಹೋಗುತ್ತದೆ" ಎಂಬ ಸಲಹೆಯನ್ನು ಮಾಲೀಕರು ನನ್ನಲ್ಲಿಗೆ ಬರುವ ಮೊದಲೇ ಕೇಳಿದ್ದರು. ಈ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕಾಗಿಯೇ ಇಷ್ಟು ಕಾಲ ಉಳಿದುಕೊಂಡು ಬಂದಿದೆ. ಸೂಪರ್‌ವೈಸರ್ ಪಾಸ್‌ವರ್ಡ್ ಇಲ್ಲದೆ ಪವರ್ ಆನ್ ಪಾಸ್‌ವರ್ಡ್ ಮಾತ್ರ ಇದ್ದಾಗ, ಬ್ಯಾಟರಿಗಳನ್ನೂ ಗಡಿಯಾರದ ನಾಣ್ಯದಾಕಾರದ ಸೆಲ್ಲನ್ನೂ ತೆಗೆದು ಯಂತ್ರ ಚಾಲೂ ಮಾಡಿದರೆ ಆ ಪಾಸ್‌ವರ್ಡ್ ಅಳಿಯುತ್ತದೆ. ಲೆನೊವೊದ ಸೇವಾ ಕೈಪಿಡಿಗಳಲ್ಲೇ ಈ ವಿಧಾನವಿದೆ. ಸೂಪರ್‌ವೈಸರ್ ಪಾಸ್‌ವರ್ಡ್ ಹಾಗಲ್ಲ. ವಿದ್ಯುತ್ ಇಲ್ಲದೆಯೂ ಬರಹ ಉಳಿಸಿಕೊಳ್ಳುವ ಚಿಪ್ಪಿನಲ್ಲಿ ಅದು ದಾಖಲಾಗಿರುತ್ತದೆ, ಸೆಲ್ ತೆಗೆದು ಒಂದು ವಾರ ಬಿಟ್ಟರೂ ಅಲ್ಲೇ ಇರುತ್ತದೆ.

ಸೆಲ್ ತೆಗೆದರೆ ಪ್ರಯೋಜನವಿಲ್ಲ ಎನ್ನುವುದಕ್ಕಿಂತ ದೊಡ್ಡ ವಿಷಯವೆಂದರೆ, ಅದರಿಂದ ಯಂತ್ರದ ಸ್ಥಿತಿ ಕೆಡುತ್ತದೆ. ಸೆಲ್ ತೆಗೆದೊಡನೆ ಗಡಿಯಾರ ತನ್ನ ದಿನಾಂಕ ಕಳೆದುಕೊಳ್ಳುತ್ತದೆ. ಮುಂದಿನ ಬಾರಿ ಚಾಲೂ ಮಾಡಿದಾಗ ಪರದೆಯ ಮೇಲೆ `0271: Check Date and Time settings` ಎಂಬ ದೋಷ ಬರುತ್ತದೆ, ಸೆಟಪ್‌ಗೆ ಹೋಗಿ ದಿನಾಂಕ ಸರಿಪಡಿಸಿ ಎಂದು ಯಂತ್ರ ಕೇಳುತ್ತದೆ. ಆ ಸೆಟಪ್‌ನ ಬಾಗಿಲಲ್ಲಿ ನಿಂತಿರುವುದೇ ನಮಗೆ ಗೊತ್ತಿಲ್ಲದ ಪಾಸ್‌ವರ್ಡ್. ಅಲ್ಲಿಯವರೆಗೆ ದಿನವೂ ವಿಂಡೋಸ್ ತೆರೆಯುತ್ತಿದ್ದ ಯಂತ್ರ ಅಲ್ಲೇ ನಿಂತುಬಿಡಬಹುದು, ಅದರೊಳಗಿನ ಕಡತಗಳಿಗೆ ಇದ್ದ ಸುಲಭದ ದಾರಿಯೂ ಮುಚ್ಚಿಹೋಗಬಹುದು. ನಾನು ಈ ದಾಖಲೆ ಬರೆಯುತ್ತಿರುವ ಮುಖ್ಯ ಕಾರಣ ಇದು: ಸೂಪರ್‌ವೈಸರ್ ಪಾಸ್‌ವರ್ಡ್ ಮಾತ್ರ ಇರುವ ಯಂತ್ರ ವಿಂಡೋಸ್ ತೆರೆಯುತ್ತಿರುವವರೆಗೆ, ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಅವುಗಳ ಕ್ರಮ ತಪ್ಪಿದರೆ ಸರಿಪಡಿಸುವುದು ಬಹಳ ಕಷ್ಟ.

ಮೊದಲು ಕಡತಗಳು. ಡಿಸ್ಕಿನ ಪೂರ್ತಿ ಪ್ರತಿಯನ್ನು ಹೊರಗಿನ ಡಿಸ್ಕೊಂದಕ್ಕೆ ತೆಗೆದುಕೊಂಡು, ಅದರಿಂದ ಕೆಲವು ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಪ್ರತಿ ತೆಗೆದದ್ದು ಓದಲು ಬರುತ್ತದೆಯೆಂದು ಕಣ್ಣಾರೆ ನೋಡುವ ತನಕ ಅದನ್ನು ಪ್ರತಿಯೆಂದು ಲೆಕ್ಕಿಸುವುದಿಲ್ಲ.

ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಈ ಯಂತ್ರದ ಡಿಸ್ಕ್ ಗೂಢಲಿಪೀಕರಣಗೊಂಡಿತ್ತು, ಅದರ ಕೀಲಿಯನ್ನು ಬೋರ್ಡಿನ ಮೇಲಿರುವ ಟಿಪಿಎಂ ಭದ್ರತಾ ಚಿಪ್ ಕಾಪಾಡುತ್ತಿತ್ತು. ಬೋರ್ಡ್ ಬದಲಾದರೆ ಆ ಚಿಪ್ಪೂ ಬದಲಾಗುತ್ತದೆ. ಆಗ ಡಿಸ್ಕ್ ತೆರೆಯಲು ರಿಕವರಿ ಕೀ ಒಂದೇ ಗತಿ. ಅದನ್ನು ಹೀಗೆ ಓದಿಕೊಳ್ಳಬಹುದು.

```
manage-bde -protectors -get C:
```

ಉತ್ತರದಲ್ಲಿ `Numerical Password` ಎಂಬ ತಲೆಬರಹದ ಕೆಳಗೆ ಆರಾರು ಅಂಕಿಗಳ ಎಂಟು ಗುಂಪುಗಳು, ಒಟ್ಟು 48 ಅಂಕಿಗಳು ಇರುತ್ತವೆ. ಅವನ್ನು ಮುದ್ರಿಸಿ ಮಾಲೀಕರ ಕೈಗೆ ಕೊಟ್ಟೆ. ಅದೇ ಡಿಸ್ಕಿನಲ್ಲಿ ಉಳಿಸಿಟ್ಟ ಕೀ ಯಾವ ಉಪಯೋಗಕ್ಕೂ ಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಯಿತು.

ಮೂರನೆಯದು ಬಹಳ ಜನ ಮರೆಯುವ ಅಂಶ. ಕಚೇರಿಯವರು ವಿಂಡೋಸ್‌ಗೆ ನಾಲ್ಕಂಕಿಯ ಪಿನ್ ಒತ್ತಿ ಪ್ರವೇಶಿಸುತ್ತಿದ್ದರು. ಆ ಪಿನ್ ಕೂಡ ಟಿಪಿಎಂ ಚಿಪ್ಪಿಗೆ ಕಟ್ಟಿಕೊಂಡಿರುವುದರಿಂದ ಹೊಸ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡನ್ನೇ ಕೊಡಬೇಕಾಗುತ್ತದೆ. ವರ್ಷಗಳಿಂದ ಪಿನ್ ಮಾತ್ರ ಬಳಸಿದವರಿಗೆ ಖಾತೆಯ ಪಾಸ್‌ವರ್ಡ್ ನೆನಪಿರುವುದು ಅಪರೂಪ. ಮಾಲೀಕರಿಂದ ಅದನ್ನು ಮರುಹೊಂದಿಸಿಸಿ, ಒಮ್ಮೆ ಪಿನ್ ಬದಲು ಪಾಸ್‌ವರ್ಡಿನಿಂದಲೇ ಒಳಹೋಗಿ ಖಚಿತಪಡಿಸಿಕೊಂಡೆವು. ವಿಂಡೋಸ್ ಪರವಾನಗಿ ಅವರ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆಯೇ ಎಂಬುದನ್ನೂ ಆಗಲೇ ನೋಡಿದೆವು, ಏಕೆಂದರೆ ಬೋರ್ಡ್ ಬದಲಾದಾಗ ವಿಂಡೋಸ್ ಅದನ್ನು ಹೊಸ ಯಂತ್ರವೆಂದು ಭಾವಿಸುತ್ತದೆ.

ಇಷ್ಟಾದ ಮೇಲೆ ಮಾಲೀಕರ ಮೂಲ ಅಗತ್ಯವನ್ನು ಮತ್ತೊಮ್ಮೆ ಪರಿಶೀಲಿಸಿದೆ. ಹಳೆಯ ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಅವರು ವಿಂಡೋಸ್ 11 ಹಾಕಲು ಹೊರಟಿದ್ದರು. ಅದಕ್ಕೆ ಪೆನ್‌ಡ್ರೈವಿನಿಂದ ಬೂಟ್ ಮಾಡಲೇಬೇಕೆಂದಿಲ್ಲ. ಟಿ480ರ ಎಂಟನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹ, ಟಿಪಿಎಂ ಚಾಲ್ತಿಯಲ್ಲಿತ್ತು. ಹಾಗಾಗಿ ಈಗಿನ ವಿಂಡೋಸ್ ಒಳಗಿನಿಂದಲೇ ಮೇಲ್ದರ್ಜೆಗೆ ಏರಿಸಬಹುದಿತ್ತು. ಡಿಸ್ಕ್ ಹಳೆಯದಾಗಿದ್ದರೆ ಅದರ ಪ್ರತಿಯನ್ನು ಹೊಸ ಡಿಸ್ಕಿಗೆ ಇಳಿಸಿ ಜೋಡಿಸುವುದಕ್ಕೂ ಸೆಟಪ್ ಬೇಕಾಗುವುದಿಲ್ಲ. ಸೂಪರ್‌ವೈಸರ್ ಪಾಸ್‌ವರ್ಡ್ ಮರೆತವರಲ್ಲಿ ಅನೇಕರು ಇದೇ ಸ್ಥಿತಿಯಲ್ಲಿ ಯಂತ್ರ ಬಳಸುತ್ತಾ ಹೋಗಬಹುದು ಎಂಬುದನ್ನು ನಾನು ಮರೆಮಾಚದೆ ಹೇಳಿದೆ, ಬೋರ್ಡ್ ಬದಲಿಸುವ ಖರ್ಚು ಸಣ್ಣದಲ್ಲ.

ಆದರೆ ಈ ಪ್ರಕರಣದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಅದಕ್ಕೆ ಕಾರಣ ಆ ನಾಣ್ಯದಾಕಾರದ ಸೆಲ್ಲೇ. ಟಿ480 ಮಾದರಿ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಈ ಯಂತ್ರದ ಸೆಲ್ ಒಮ್ಮೆಯೂ ಬದಲಾಗಿರಲಿಲ್ಲ. ಒಳಗಿನ ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇರುವವರೆಗೆ ಗಡಿಯಾರಕ್ಕೆ ವಿದ್ಯುತ್ ಅಲ್ಲಿಂದಲೇ ಸಿಗುವುದರಿಂದ, ಸೆಲ್ ಸತ್ತಿದ್ದರೂ ಹೊರಗೆ ಏನೂ ಕಾಣಿಸುವುದಿಲ್ಲ. ದೊಡ್ಡ ಬ್ಯಾಟರಿಗಳು ಪೂರ್ತಿ ಖಾಲಿಯಾಗುವ ದಿನ ಎರಡೂ ಒಟ್ಟಿಗೆ ಕೈಕೊಡುತ್ತವೆ, 0271 ದೋಷ ಬರುತ್ತದೆ, ಮತ್ತೆ ಅದೇ ಪಾಸ್‌ವರ್ಡಿನ ಮುಂದೆ ಬಂದು ನಿಲ್ಲುತ್ತೇವೆ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಕಚೇರಿಯಲ್ಲಿ ಹೀಗಾಗುವುದಕ್ಕಿಂತ, ಕಡತಗಳು ಕೈಯಲ್ಲಿರುವ ಈಗಲೇ ವ್ಯವಸ್ಥಿತವಾಗಿ ಮುಗಿಸುವುದು ಒಳ್ಳೆಯದೆಂದು ಮಾಲೀಕರು ನಿರ್ಧರಿಸಿದರು.

ಹಾಗಾದರೆ ತಯಾರಕರು ಏನನ್ನು ಅನುಮತಿಸುತ್ತಾರೆ? ಲೆನೊವೊದ ನಿಲುವು ಸ್ಪಷ್ಟವಾಗಿದೆ. ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಅದನ್ನು ತೆಗೆಯುವ ಯಾವ ಸೇವಾ ವಿಧಾನವೂ ಇಲ್ಲ, ಮುಖ್ಯ ಬೋರ್ಡನ್ನೇ ಬದಲಿಸಬೇಕು ಎಂದು ಅವರ ಕೈಪಿಡಿಗಳು ಹೇಳುತ್ತವೆ. ಅದಕ್ಕೆ ಅಧಿಕೃತ ಸರ್ವಿಸ್ ಸೆಂಟರಿಗೆ ಯಂತ್ರವನ್ನು ಒಯ್ಯಬೇಕು, ಖರೀದಿಯ ಪುರಾವೆ ತೋರಿಸಬೇಕು, ಬಿಡಿಭಾಗ ಮತ್ತು ಕೆಲಸ ಎರಡಕ್ಕೂ ಹಣ ಕೊಡಬೇಕು. ಕಂಪನಿಯವರ ಬಳಿ ಎಲ್ಲವನ್ನೂ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಒಂದಿರುತ್ತದೆ, ಅದನ್ನು ಕೊಡುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಸೇವಾ ಕೈಪಿಡಿ ಹೇಳುವುದು ಅದಕ್ಕೆ ವಿರುದ್ಧವಾಗಿದೆ.

ಡೆಲ್ ಬೇರೆ ದಾರಿ ಹಿಡಿದಿದೆ. ಅವರ ಲ್ಯಾಪ್‌ಟಾಪ್ ಬೀಗ ಬಿದ್ದಾಗ ಪರದೆಯ ಮೇಲೆ ಯಂತ್ರದ ಸರ್ವಿಸ್ ಟ್ಯಾಗ್ ಮತ್ತು ಅದರ ಹಿಂದೆ ನಾಲ್ಕಕ್ಷರದ ಒಂದು ಸಂಕೇತ ತೋರುತ್ತದೆ. ಮಾಲೀಕತ್ವ ಖಚಿತಪಡಿಸಿಕೊಂಡ ಮೇಲೆ ಆ ಸಂಕೇತಕ್ಕೆ ಹೊಂದುವ ಬಿಡುಗಡೆ ಪಾಸ್‌ವರ್ಡನ್ನು ನೀಡುವ ಪದ್ಧತಿ ಅವರಲ್ಲಿ ಬಹುಕಾಲದಿಂದ ಇದೆ. ಜೊತೆಗೆ ಅವರ ಸೆಟಪ್‌ನಲ್ಲಿ `Master Password Lockout` ಎಂಬ ಆಯ್ಕೆಯೂ ಇದೆ. ಅದನ್ನು ಚಾಲೂ ಮಾಡಿದ ಮಾಲೀಕರು ಈ ಬಿಡುಗಡೆಯ ದಾರಿಯನ್ನು ತಾವಾಗಿಯೇ ಮುಚ್ಚಿಕೊಂಡಂತೆ. ಆಪಲ್‌ನ ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಲ್ಲಿ ಫರ್ಮ್‌ವೇರ್ ಪಾಸ್‌ವರ್ಡ್ ಮರೆತರೆ, ಮೂಲ ರಸೀದಿ ಅಥವಾ ಬಿಲ್ ಹಿಡಿದು ಯಂತ್ರದೊಂದಿಗೆ ಆಪಲ್ ಸ್ಟೋರಿಗೆ ಅಥವಾ ಅಧಿಕೃತ ಸೇವಾದಾರರ ಬಳಿಗೆ ಖುದ್ದಾಗಿ ಹೋಗಬೇಕು. ಮೂರೂ ಕಡೆ ಸಮಾನವಾಗಿರುವುದು ಮಾಲೀಕತ್ವದ ಪುರಾವೆ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಬಿಲ್ ಕೇಳುವುದು ಕಡಿಮೆ. ಅಂಥವರು ಕೊಳ್ಳುವಾಗಲೇ F1 ಒತ್ತಿ ಸೆಟಪ್ ಪಾಸ್‌ವರ್ಡ್ ಕೇಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಕೇಳಿದರೆ, ಮಾರುವವರು ಅದನ್ನು ಎದುರಿನಲ್ಲೇ ತೆಗೆದು ಕೊಡದ ಹೊರತು ಆ ಯಂತ್ರ ಬೇಡ.

ಲೆನೊವೊದ ಕಟ್ಟುನಿಟ್ಟನ್ನು ನಾನು ಒಪ್ಪುತ್ತೇನೆ, ಅದರಿಂದ ಆಗುವ ನಷ್ಟ ಕಣ್ಣಿಗೆ ಕಾಣುತ್ತಿದ್ದರೂ. ಸರ್ವಿಸ್ ಸೆಂಟರಿನಲ್ಲಿ ಪಾಸ್‌ವರ್ಡ್ ಅಳಿಸುವ ಸಾಧನವಿದ್ದರೆ ಅದು ಎಂದಾದರೂ ಹೊರಗೆ ಬರುತ್ತದೆ, ಮತ್ತು ಹೊರಗೆ ಬಂದ ದಿನದಿಂದ ಕದ್ದ ಯಂತ್ರಕ್ಕೂ ಅದೇ ಸಾಧನ ಸಾಕು. ಪಾಸ್‌ವರ್ಡ್ ತೆಗೆದುಕೊಡುತ್ತೇವೆಂದು ಚಿಪ್ಪಿನ ಬರಹವನ್ನೇ ತಿದ್ದುವವರಿದ್ದಾರೆ. ನಾನು ಆ ಕೆಲಸ ಮಾಡುವುದಿಲ್ಲ, ತಂದವರನ್ನು ಅಲ್ಲಿಗೆ ಕಳಿಸುವುದೂ ಇಲ್ಲ. ಯಂತ್ರದ ಎಲ್ಲ ಭದ್ರತೆ ನಿಂತಿರುವುದು ಆ ಬರಹದ ಮೇಲೆ. ಯಾರು ಏನನ್ನು ತುಂಬಿದರು ಎಂಬುದು ತಿಳಿಯದ ಬೋರ್ಡಿನ ಮೇಲೆ ಒಂದು ಕಚೇರಿಯ ಗ್ರಾಹಕರ ಪಾನ್ ಮತ್ತು ಬ್ಯಾಂಕ್ ವಿವರಗಳನ್ನು ಇಡಲು ನನಗೆ ಮನಸ್ಸಿಲ್ಲ. ಆದರೆ ಸುಸ್ಥಿತಿಯಲ್ಲಿರುವ ಪ್ರೊಸೆಸರ್ ಸಮೇತ ಒಂದು ಬೋರ್ಡ್ ಕಸಕ್ಕೆ ಹೋಗುತ್ತದೆ ಎಂಬುದೂ ನಿಜ, ಅದು ನನಗೆ ನೋವಿನ ವಿಷಯವೇ.

ಯಂತ್ರ ಬಿಚ್ಚುವ ಮುಂಚೆ ಇನ್ನೊಂದು ಪರೀಕ್ಷೆ ಉಳಿದಿತ್ತು. ಥಿಂಕ್‌ಪ್ಯಾಡ್‌ಗಳ ಸೆಟಪ್‌ನಲ್ಲಿ ತಳದ ಮುಚ್ಚಳ ತೆರೆದದ್ದನ್ನು ಗುರುತಿಸುವ `Bottom Cover Tamper Detection` ಎಂಬ ಆಯ್ಕೆ ಇರುತ್ತದೆ. ಸೂಪರ್‌ವೈಸರ್ ಪಾಸ್‌ವರ್ಡ್ ಇದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಅದು ಚಾಲೂ ಇದ್ದು ಮುಚ್ಚಳ ತೆರೆದರೆ, ಮುಂದಿನ ಬಾರಿ ಬೂಟ್ ಆಗುವುದಕ್ಕೇ ಸೂಪರ್‌ವೈಸರ್ ಪಾಸ್‌ವರ್ಡ್ ಬೇಕಾಗುತ್ತದೆ. ಸೆಟಪ್ ಒಳಗೆ ಹೋಗದೆಯೂ ಅದರ ಸ್ಥಿತಿಯನ್ನು ಓದಬಹುದು.

```
Get-CimInstance -Namespace root\wmi -ClassName Lenovo_BiosSetting |
  Where-Object CurrentSetting -like '*Tamper*' |
  Select-Object CurrentSetting
```

ಉತ್ತರ `Disable` ಎಂದಿತ್ತು. ಆದರೂ ಕಡತಗಳ ಪ್ರತಿ ಮತ್ತು ರಿಕವರಿ ಕೀ ಮಾಲೀಕರ ಕೈಸೇರಿದ ಮೇಲೆಯೇ ಮುಚ್ಚಳ ತೆಗೆದೆ.

ಬಿಚ್ಚುವಾಗ ಒಂದು ತೊಡಕು ಎದುರಾಗುತ್ತದೆ. ಟಿ480ರಲ್ಲಿ ಹಿಂದಿನಿಂದ ಕಳಚಬಹುದಾದ ಬ್ಯಾಟರಿಯ ಜೊತೆಗೆ ಒಳಗೂ ಒಂದು ಬ್ಯಾಟರಿ ಇರುತ್ತದೆ. ಕೈಪಿಡಿಯ ಪ್ರಕಾರ ಕೆಲಸ ಆರಂಭಿಸುವ ಮೊದಲು ಸೆಟಪ್‌ಗೆ ಹೋಗಿ ಆ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಬೇಕು. ನಮಗೆ ಸೆಟಪ್ ಬಾಗಿಲು ಮುಚ್ಚಿದೆ. ಹಾಗಾಗಿ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಹಿಂದಿನ ಬ್ಯಾಟರಿ ಕಳಚಿ, ಮುಚ್ಚಳ ತೆಗೆದೊಡನೆ ಬೇರೆ ಯಾವುದಕ್ಕೂ ಕೈಹಾಕದೆ ಒಳಬ್ಯಾಟರಿಯ ಕನೆಕ್ಟರನ್ನು ಬಿಡಿಸಬೇಕು. ಉಗುರಿನಿಂದ ಅಥವಾ ಪ್ಲಾಸ್ಟಿಕ್ ಸಾಧನದಿಂದ ಬಿಡಿಸಬೇಕು, ಲೋಹದ ಸಾಧನ ಬೇಡ. ವಿಂಡೋಸಿನ ವೇಗದ ಆರಂಭದ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಪೂರ್ತಿ ಆಗಿರುವುದಿಲ್ಲ, ಆದ್ದರಿಂದ ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಆರಿಸಿದೆ. ಒಳಬ್ಯಾಟರಿ ಬಿಡಿಸಿದ ಕ್ಷಣದಿಂದ ಗಡಿಯಾರ ಆ ಹಳೆಯ ಸೆಲ್ಲನ್ನೇ ನಂಬಿರುತ್ತದೆ, ಹಾಗಾಗಿ ಅದೊಂದು ಹಿಂತಿರುಗಲಾಗದ ಹೆಜ್ಜೆಯೆಂದೇ ಭಾವಿಸಿ ಮುಂದುವರಿಯಬೇಕು.

ನಾನು ಹೊರತೆಗೆದದ್ದು ಡಿಸ್ಕನ್ನು ಮಾತ್ರ. ಟಿ480ರಲ್ಲಿ ಡಿಸ್ಕ್ ಬಳಕೆದಾರರೇ ಬದಲಿಸಬಹುದಾದ ಭಾಗವೆಂದು ಲೆನೊವೊ ಹೇಳುವುದರಿಂದ ಇದರಲ್ಲಿ ತಕರಾರಿಲ್ಲ. ಡಿಸ್ಕನ್ನು ಮಾಲೀಕರ ಬಳಿಯೇ ಉಳಿಸಿ, ಉಳಿದ ಯಂತ್ರವನ್ನಷ್ಟೇ ಸರ್ವಿಸ್ ಸೆಂಟರಿಗೆ ಕಳಿಸಿದೆವು. ಬೋರ್ಡ್ ಬದಲಿಸುವವರಿಗೆ ಗ್ರಾಹಕರ ಕಡತಗಳಿಂದ ಆಗಬೇಕಾದ್ದು ಏನೂ ಇಲ್ಲ. ಡಿಸ್ಕ್ ಒಳಗಿದ್ದರೆ ಬಿಟ್‌ಲಾಕರ್ ತಡೆಹಿಡಿದು ಕಳಿಸಬೇಕಾಗುತ್ತದೆ, ಆಗ ಡಿಸ್ಕ್ ಯಾರಾದರೂ ಓದಬಹುದಾದ ಸ್ಥಿತಿಯಲ್ಲಿ ಊರು ಸುತ್ತುತ್ತದೆ.

ಸರ್ವಿಸ್ ಸೆಂಟರಿನಲ್ಲಿ ಬಿಲ್, ಕಚೇರಿಯ ಪತ್ರಶೀರ್ಷಿಕೆಯ ಮೇಲಿನ ವಿನಂತಿ ಪತ್ರ, ಗುರುತಿನ ದಾಖಲೆ ಕೊಟ್ಟು ಕೆಲಸ ಒಪ್ಪಿಸಿದ್ದಾಯಿತು. ವಾರಂಟಿ ಮುಗಿದಿತ್ತು, ಮುಗಿಯದಿದ್ದರೂ ಮರೆತ ಪಾಸ್‌ವರ್ಡಿಗೆ ಬೋರ್ಡ್ ಉಚಿತವಾಗಿ ಸಿಗುವುದಿಲ್ಲ. ಈ ಮಾದರಿಯಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಬೆಲೆ ಹೆಚ್ಚು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಬೋರ್ಡ್ ಮತ್ತು ಇಲ್ಲದ ಬೋರ್ಡ್ ಬೇರೆ ಬೇರೆ, ಅವುಗಳ ಶಾಖ ಹೊರಹಾಕುವ ಕೊಳವೆಗಳೂ ಬೇರೆ. ಆದ್ದರಿಂದ ಸೀರಿಯಲ್ ಸಂಖ್ಯೆ ನೋಡಿಯೇ ಬೋರ್ಡ್ ತರಿಸಬೇಕು. ಅಗ್ಗವೆಂದು ಬಿಡಿ ಮಾರುಕಟ್ಟೆಯಲ್ಲಿ ಹಳೆಯ ಬೋರ್ಡ್ ಕೊಳ್ಳುವುದು ಕಾನೂನಿಗೆ ವಿರುದ್ಧವಲ್ಲ, ಆದರೆ ಆ ಬೋರ್ಡಿನಲ್ಲೂ ಇನ್ನೊಬ್ಬರ ಸೂಪರ್‌ವೈಸರ್ ಪಾಸ್‌ವರ್ಡ್ ಇರಬಹುದು, ಅಥವಾ ಕಳವಾದ ಯಂತ್ರ ಪತ್ತೆಹಚ್ಚುವ ತಂತ್ರಾಂಶ ಯಾವುದೋ ಸಂಸ್ಥೆಯ ಹೆಸರಿನಲ್ಲಿ ಶಾಶ್ವತವಾಗಿ ಚಾಲೂ ಆಗಿರಬಹುದು.

ಯಂತ್ರ ಮರಳಿದ ಮೇಲೆ ಡಿಸ್ಕ್ ಹಾಕದೆಯೇ ಮೊದಲು ಚಾಲೂ ಮಾಡಿ F1 ಒತ್ತಿದೆ. ಸೆಟಪ್ ಏನನ್ನೂ ಕೇಳದೆ ತೆರೆಯಿತು. ಮೊದಲ ಪುಟದಲ್ಲಿ ತೋರಿದ ಮಾದರಿ ಮತ್ತು ಸೀರಿಯಲ್ ಸಂಖ್ಯೆ ತಳದ ಚೀಟಿಗೆ ಹೊಂದುತ್ತಿದ್ದವು. ಇವನ್ನು ಹೊಸ ಬೋರ್ಡಿಗೆ ಬರೆಯುವುದು ಸರ್ವಿಸ್ ಸೆಂಟರಿನವರ ಕೆಲಸ. ಅವರು ಬರೆಯದೆ ಬಿಟ್ಟಿದ್ದರೆ ಚಾಲೂ ಮಾಡಿದಾಗ 2200 ಅಥವಾ 2201 ಎಂಬ ದೋಷ ಬರುತ್ತದೆ, ಹಾಗೆ ಬಂದರೆ ಯಂತ್ರವನ್ನು ಸ್ವೀಕರಿಸದೆ ಅಲ್ಲೇ ಮರಳಿಸಬೇಕು. ಹಳೆಯ ಸೆಲ್ ಮಲ್ಟಿಮೀಟರಿನಲ್ಲಿ 2.4 ವೋಲ್ಟ್ ತೋರಿತು. ಹೊಸದು 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸಬೇಕು. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿ, ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿವೆಯೆಂದು ನೋಡಿ, ಆಮೇಲೆ ಡಿಸ್ಕ್ ಜೋಡಿಸಿದೆ.

ನಿರೀಕ್ಷಿಸಿದಂತೆ ಬಿಟ್‌ಲಾಕರ್ ನೀಲಿ ಪರದೆ ತೋರಿ ರಿಕವರಿ ಕೀ ಕೇಳಿತು. ಮಾಲೀಕರು ತಾವೇ 48 ಅಂಕಿಗಳನ್ನು ಒತ್ತಿದರು, ವಿಂಡೋಸ್ ತೆರೆಯಿತು. ಪಿನ್ ಲಭ್ಯವಿಲ್ಲ ಎಂಬ ಸೂಚನೆ ಬಂದಾಗ ಖಾತೆಯ ಪಾಸ್‌ವರ್ಡಿನಿಂದ ಒಳಹೋದೆವು. ಪ್ರತಿ ಬಾರಿಯೂ ರಿಕವರಿ ಕೀ ಕೇಳದಂತೆ ಹಳೆಯ ಚಿಪ್ಪಿನ ಜೋಡಣೆಯನ್ನು ತೆಗೆದು ಹೊಸದಕ್ಕೆ ಕಟ್ಟಬೇಕಿತ್ತು.

```
manage-bde -protectors -delete C: -type TPM
manage-bde -protectors -add C: -tpm
```

ವಿಂಡೋಸ್ ಸಕ್ರಿಯಗೊಳಿಸುವ ಪುಟದಲ್ಲಿ ದೋಷ ನಿವಾರಣೆ ಆರಿಸಿ, ಈ ಯಂತ್ರದ ಭಾಗ ಇತ್ತೀಚೆಗೆ ಬದಲಾಗಿದೆ ಎಂದು ತಿಳಿಸಿದಾಗ ಪರವಾನಗಿ ಮರಳಿತು. ಹೊಸ ಪಿನ್ ಹಾಕಿಕೊಂಡ ಮೇಲೆ ವಿಂಡೋಸ್ 11ಕ್ಕೆ ಏರಿಸುವುದು ಸಾಮಾನ್ಯ ಕೆಲಸವಾಗಿತ್ತು.

ಕೊನೆಗೆ ಮಾಲೀಕರು ಕೇಳಿದ್ದು, ಮತ್ತೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಬೇಕೇ ಎಂದು. ಗ್ರಾಹಕರ ತೆರಿಗೆ ಕಡತಗಳಿರುವ ಯಂತ್ರಕ್ಕೆ ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಆದರೆ ಅದು ಒಬ್ಬ ನೌಕರರ ನೆನಪಿನಲ್ಲಿ ಮಾತ್ರ ಇರಬಾರದು. ಅವರೇ ಟೈಪ್ ಮಾಡಿ ಹಾಕಿದರು. ಅದನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುಚ್ಚಿ, ಹಳೆಯ ಖರೀದಿ ಬಿಲ್ ಮತ್ತು ಹೊಸ ಬೋರ್ಡಿನ ಬಿಲ್ ಜೊತೆ ಕಚೇರಿಯ ಬೀರುವಿನಲ್ಲಿ ಇಡುವುದಾಗಿ ಹೇಳಿದರು. ಯಂತ್ರವನ್ನು ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ, ಮತ್ತೆ ಚಾಲೂ ಮಾಡಿ F1 ಒತ್ತಿ, ಲಕೋಟೆಗೆ ಹೋಗಲಿರುವ ಕಾಗದವನ್ನೇ ನೋಡಿಕೊಂಡು ಅವರಿಂದ ಪಾಸ್‌ವರ್ಡ್ ಒತ್ತಿಸಿದೆ. ಸೆಟಪ್ ತೆರೆಯಿತು. ವಿಂಡೋಸಿಗೆ ಮರಳಿ `PasswordState` ಓದಿದಾಗ 2 ಎಂದು ಬಂತು, ಯಂತ್ರವನ್ನು ಮಂಡ್ಯಕ್ಕೆ ಕಳಿಸಿಕೊಟ್ಟೆ.